ಎಲಿಮೆಂಟಲ್ ಐರನ್: ಮಗು ಮಾತ್ರೆ ನುಂಗಿದಾಗ ಹಾಕಬೇಕಾದ ಲೆಕ್ಕ

ಐರನ್ ಮಾತ್ರೆಯ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಫೆರಸ್ ಆಸ್ಕಾರ್ಬೇಟ್ ಎಂದೋ ಫೆರಸ್ ಫ್ಯುಮರೇಟ್ ಎಂದೋ ಹೆಸರು, ಅದರ ಪಕ್ಕದಲ್ಲಿ ‘ಎಲಿಮೆಂಟಲ್ ಐರನ್’ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ. ದಿನಾ ಮಾತ್ರೆ ನುಂಗುವವರು ಇದನ್ನು ಓದುವುದೇ ಇಲ್ಲ, ಓದಬೇಕಾಗಿಯೂ ಇಲ್ಲ. ಆದರೆ ಎರಡು ವರ್ಷದ ಮಗುವಿನ ಕೈಗೆ ಆ ಸ್ಟ್ರಿಪ್ ಸಿಕ್ಕ ದಿನ ನಮಗೆ ಬೇಕಾಗುವುದು ಅದೊಂದೇ ಸಾಲು.

ಲೆಕ್ಕಕ್ಕೆ ಹೋಗುವ ಮೊದಲು ಒಂದು ಮಾತು. ಮಗು ಆಗಲೇ ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಭೇದಿ ಶುರುವಾಗಿದ್ದರೆ, ವಾಂತಿಯಲ್ಲೋ ಭೇದಿಯಲ್ಲೋ ರಕ್ತ ಕಂಡರೆ, ಮಂಕಾಗಿ ಜೋತುಬಿದ್ದಿದ್ದರೆ, ಯಾವ ಲೆಕ್ಕವೂ ಬೇಡ. ಸೀದಾ ಆಸ್ಪತ್ರೆಗೆ ಹೊರಡಿ, ಅಥವಾ 108ಕ್ಕೆ ಫೋನ್ ಮಾಡಿ. ಕೆಳಗಿನದೆಲ್ಲ ಮಗು ಆಡಿಕೊಂಡಿರುವಾಗ, ‘ಹೋಗಬೇಕಾ, ಬೇಡ್ವಾ’ ಎಂದು ಮನೆಯವರು ಒದ್ದಾಡುವ ಹೊತ್ತಿಗೆ.

ಎಲಿಮೆಂಟಲ್ ಐರನ್ ಎಂದರೆ ಮಾತ್ರೆಯೊಳಗೆ ನಿಜವಾಗಿ ಇರುವ ಕಬ್ಬಿಣದ ತೂಕ. ಕಬ್ಬಿಣವನ್ನು ಹಾಗೇ ಪುಡಿ ಮಾಡಿ ಮಾತ್ರೆಗೆ ತುಂಬುವುದಿಲ್ಲ. ಇನ್ನೊಂದು ವಸ್ತುವಿನ ಜೊತೆ ಕೂಡಿಸಿ ಲವಣ ಮಾಡಿರುತ್ತಾರೆ. ಇಡೀ ಹಲಸಿನ ಹಣ್ಣನ್ನು ತೂಗಿದರೆ ಸಿಪ್ಪೆ, ಸಾರೆ, ಬೀಜ ಎಲ್ಲ ಸೇರಿದ ತೂಕ ಬರುತ್ತದೆ, ತಿನ್ನುವ ತೊಳೆ ಅದರಲ್ಲಿ ಒಂದು ಪಾಲು ಮಾತ್ರ. ಇಲ್ಲೂ ಹಾಗೆಯೇ. ಫೆರಸ್ ಫ್ಯುಮರೇಟ್‌ನಲ್ಲಿ ಮೂರರಲ್ಲಿ ಒಂದು ಪಾಲು ಕಬ್ಬಿಣ, ಹಾಗಾಗಿ 300 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು ಸುಮಾರು 100. ಫೆರಸ್ ಗ್ಲುಕೊನೇಟ್‌ನಲ್ಲಿ ನೂರಕ್ಕೆ 12 ಮಾತ್ರ, ಅದೇ 300 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 35. ಎರಡೂ ಸ್ಟ್ರಿಪ್ ಮೇಲೆ ಕಾಣುವುದು 300 ಎಂಬ ಒಂದೇ ಅಂಕಿ. ಒಳಗಿನ ಅಪಾಯದಲ್ಲಿ ಮೂರು ಪಟ್ಟು ವ್ಯತ್ಯಾಸ.

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಎಲಿಮೆಂಟಲ್ ಐರನ್ ಇರುತ್ತದೆ. ಹೊರಗಡೆ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಹಲವು ಮಾತ್ರೆಗಳಲ್ಲಿ 100. ಬಸುರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಮಾತ್ರೆ ತೆಗೆದುಕೊಳ್ಳಬೇಕು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಮೊದಲ ಮಗು ನಡೆಯುವ, ಹತ್ತುವ, ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಿನಲ್ಲಿರುತ್ತದೆ. ಮಾತ್ರೆಯ ಮೇಲೆ ಸಿಹಿ ಲೇಪ, ಬಣ್ಣ ಕೆಂಪು. ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟೇ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬಾಣಂತಿ ಒಳಗೆ ಮಲಗಿದ್ದಾಳೆ. ಎರಡು ವರ್ಷದ ದೊಡ್ಡ ಮಗುವಿನ ನಾಲಿಗೆ ಕೆಂಪಗಿರುವುದು ಅಜ್ಜಿಗೆ ಕಂಡಿತು. ಮಂಚದ ಪಕ್ಕ ಹತ್ತು ಮಾತ್ರೆಯ ಸ್ಟ್ರಿಪ್ ಬಿದ್ದಿದೆ. “ನಾನು ಎರಡೇ ತಗೊಂಡಿದ್ದೆ ಅತ್ತೆ” ಎನ್ನುತ್ತಾಳೆ ಸೊಸೆ. ಅಂದರೆ ಎಂಟು ಇರಬೇಕಿತ್ತು, ಈಗ ಇರುವುದು ಮೂರು. ನೆಲ, ಹಾಸಿಗೆ, ಮಗುವಿನ ಜೇಬು ಎಲ್ಲ ಹುಡುಕಿದರೂ ಏನೂ ಸಿಗಲಿಲ್ಲ. ಹಾಗಿದ್ದರೆ ಐದೂ ಹೊಟ್ಟೆಗೆ ಹೋಗಿವೆ ಎಂದೇ ಹಿಡಿಯಬೇಕು. ‘ಒಂದೆರಡು ಉಗಿದಿರಬಹುದು’ ಎಂದು ಕಳೆಯಬಾರದು. ಇಬ್ಬರು ಮಕ್ಕಳು ಜೊತೆಗಿದ್ದರೆ ಐದನ್ನು ಹಂಚಿ ಲೆಕ್ಕ ಹಾಕುವಂತಿಲ್ಲ, ಇಬ್ಬರಿಗೂ ಐದೈದು ಎಂದೇ ಎಣಿಸಬೇಕು.

ಮಗುವಿನ ತೂಕ 11 ಕೆ.ಜಿ. ಅಂಗನವಾಡಿಯಲ್ಲಿ ತೂಗಿ ಬರೆದಿಟ್ಟ ತಾಯಿ ಕಾರ್ಡ್ ನೋಡಿದರೆ ಸಿಗುತ್ತದೆ. ಐದು ಮಾತ್ರೆ, ಒಂದೊಂದರಲ್ಲಿ 60: ಒಟ್ಟು 300 ಮಿಲಿಗ್ರಾಂ. ಅದನ್ನು 11ರಿಂದ ಭಾಗಿಸಿದರೆ ಕೆ.ಜಿ.ಗೆ ಸುಮಾರು 27 ಮಿಲಿಗ್ರಾಂ. ವೈದ್ಯರು ಕೇಳುವುದು ಈ ಅಂಕಿಯನ್ನೇ.

20ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಇಲ್ಲವೇ ಹೊಟ್ಟೆ ಸ್ವಲ್ಪ ತೊಳಸಬಹುದು. 20ರಿಂದ 60ರ ನಡುವೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ, ಮೇಲೆ ಹೋದಷ್ಟೂ ಜೋರಾಗುತ್ತವೆ. 60 ದಾಟಿದರೆ ಜೀವಕ್ಕೇ ಅಪಾಯ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳ ಮಾರ್ಗಸೂಚಿ 40ಕ್ಕೆ ಗೆರೆ ಹಾಕಿದೆ: ಅಷ್ಟಾದರೆ ಲಕ್ಷಣ ಇರಲಿ ಬಿಡಲಿ ಆಸ್ಪತ್ರೆ. ಆದರೆ ಅಲ್ಲಿ 40ರ ಒಳಗಿನ ಮಗುವಿನ ಮನೆಗೆ ಕೇಂದ್ರದವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮಲ್ಲಿ ಆ ಅನುಕೂಲ ಎಲ್ಲರಿಗೂ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ 20 ದಾಟಿದರೆ ಆಸ್ಪತ್ರೆಗೆ ಹೋಗುವುದೇ ಸರಿ. ಈ ಮಗುವಿನ 27 ಆ ಲೆಕ್ಕಕ್ಕೆ ಬರುತ್ತದೆ. ಅದೇ ಐದು ಮಾತ್ರೆ 100 ಮಿಲಿಗ್ರಾಂನವಾಗಿದ್ದರೆ? 500 ಭಾಗಿಸು 11, ಅಂದರೆ 45. ಆಗ ಯೋಚನೆ ಮಾಡುತ್ತಾ ನಿಲ್ಲುವಂತೆಯೇ ಇಲ್ಲ. ಒಂದೇ ಒಂದು ಕೆಂಪು ಮಾತ್ರೆ ನುಂಗಿದ್ದರೆ ಬರುವುದು ಐದೂವರೆ. ವೈದ್ಯರಿಗೆ ಫೋನಿನಲ್ಲಿ ತಿಳಿಸಿ, ಆರು ಗಂಟೆ ಕಣ್ಣಿಟ್ಟರೆ ಸಾಕಾಗುತ್ತದೆ.

ಆರು ಗಂಟೆ ಯಾಕೆ? ಐರನ್ ವಿಷ ಮೊದಲು ಮುಟ್ಟುವುದು ಹೊಟ್ಟೆ, ಕರುಳಿನ ಒಳಪದರವನ್ನು. ಜಾಸ್ತಿ ಕಬ್ಬಿಣ ಅದನ್ನು ಸುಡುತ್ತದೆ. ಹಾಗಾಗಿ ತೊಂದರೆ ಆಗುವುದಿದ್ದರೆ ವಾಂತಿ ಭೇದಿ ಆರು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಅಷ್ಟು ಹೊತ್ತು ಮಗು ಒಂದು ಸಲವೂ ವಾಂತಿ ಮಾಡದೆ ಚೆನ್ನಾಗಿದ್ದರೆ ದೊಡ್ಡ ಅಪಾಯ ಇಲ್ಲವೆಂದೇ ಅರ್ಥ. ಕರುಳಿನಲ್ಲಿ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗೆ ಮಾತ್ರ ಈ ಮಾತು ನಂಬುವಂತಿಲ್ಲ.

ಇದರಲ್ಲಿ ಒಂದು ಮೋಸದ ಘಟ್ಟ ಇದೆ. ಮಗು ಮೊದಲ ಕೆಲವು ಗಂಟೆ ವಾಂತಿ ಭೇದಿ ಮಾಡುತ್ತದೆ, ಆಮೇಲೆ ಅದು ನಿಲ್ಲುತ್ತದೆ. ಮಗು ಸುಮ್ನೆ ಮಲಗುತ್ತದೆ. ‘ಸದ್ಯ, ಎಲ್ಲ ಹೊರಗೆ ಬಂತು’ ಎಂದು ಮನೆಯವರು ಉಸಿರು ಬಿಡುತ್ತಾರೆ. ಆದರೆ ಆಗ ಕಬ್ಬಿಣ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೀವಕೋಶಗಳಿಗೆ ಇಳಿಯುತ್ತಿರುತ್ತದೆ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನ್‌ಗೆ ಹೊರುವ ಮಿತಿ ಇದೆ. ಅದು ತುಂಬಿದ ಮೇಲೆ ಉಳಿದ ಕಬ್ಬಿಣ ಬಿಡಿಯಾಗಿ ಓಡಾಡುತ್ತಾ ಲಿವರ್, ಹೃದಯಗಳನ್ನು ಕೆಡಿಸುತ್ತದೆ. ಒಂದು ದಿನದೊಳಗೆ ರಕ್ತದೊತ್ತಡ ಕುಸಿದು, ರಕ್ತ ಹುಳಿಯಾಗಿ, ಮಗು ಕೈಮೀರಬಹುದು. ಆದ್ದರಿಂದ ನಡುವೆ ಗೆಲುವಾಗಿದೆ ಎಂದು ಆಸ್ಪತ್ರೆಯ ದಾರಿಯಿಂದ ವಾಪಸು ಬರಬೇಡಿ. ವಾಂತಿಯೇ ಮಾಡದ ಮಗು ಬೇರೆ, ವಾಂತಿ ಮಾಡಿ ಸುಮ್ಮನಾದ ಮಗು ಬೇರೆ.

ಆಸ್ಪತ್ರೆಯಲ್ಲಿ ಮೊದಲು ಹೊಟ್ಟೆಯ ಎಕ್ಸ್‌ರೇ ತೆಗೆಯಬಹುದು. ಲೋಹವಾದ್ದರಿಂದ ಕರಗದ ಮಾತ್ರೆಗಳು ಅದರಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ಎಣಿಸಲೂ ಆಗುತ್ತದೆ. ಕಾಣದಿದ್ದರೆ ನುಂಗಿಲ್ಲ ಎಂದಲ್ಲ, ಆಗಲೇ ಕರಗಿರಬಹುದು. ನುಂಗಿ ನಾಲ್ಕರಿಂದ ಆರು ಗಂಟೆಗೆ ರಕ್ತದಲ್ಲಿನ ಕಬ್ಬಿಣ ನೋಡುತ್ತಾರೆ. ಬೇರೆ ಹಲವು ವಿಷಗಳಿಗೆ ಕೊಡುವ ಇದ್ದಿಲ ಪುಡಿ ಇದಕ್ಕೆ ನಾಟುವುದಿಲ್ಲ, ಕಬ್ಬಿಣ ಇದ್ದಿಲಿಗೆ ಅಂಟಿಕೊಳ್ಳುವುದೇ ಇಲ್ಲ. ವಿಷ ಜೋರಾಗಿದ್ದರೆ ಡೆಫೆರೋಕ್ಸಮಿನ್ ಎಂಬ ಮದ್ದನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ, ಅದು ಕಬ್ಬಿಣವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ. ಎಲ್ಲ ಊರಿನಲ್ಲೂ ಇದು ಸಿಗುವುದಿಲ್ಲ. ಮೊದಲೇ ಹೊರಡಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಪ್ಯಾರಸಿಟಮಾಲ್‌ಗೂ ಇದೇ ಭಾಗಾಕಾರ. ಇಲ್ಲಿ ಲವಣದ ತೊಡಕಿಲ್ಲ, ಸ್ಟ್ರಿಪ್ ಮೇಲಿನ 500 ಅಥವಾ 650 ಎಂಬುದೇ ಲೆಕ್ಕ. ನಮ್ಮ 11 ಕೆ.ಜಿ. ಮಗುವಿಗೆ ಜ್ವರ ಬಂದರೆ ಕೊಡುವುದು ಒಂದು ಸಲಕ್ಕೆ ಕೆ.ಜಿ.ಗೆ 15ರಂತೆ 165 ಮಿಲಿಗ್ರಾಂ. ಅಪ್ಪನ 650ರ ಮಾತ್ರೆ ಒಂದು ನುಂಗಿದರೆ ಕೆ.ಜಿ.ಗೆ 59. ಮಾಮೂಲಿ ಡೋಸಿನ ನಾಲ್ಕು ಪಟ್ಟು, ಕೇಳಿದರೆ ಭಯವಾಗುತ್ತದೆ ಅಲ್ವಾ? ಆದರೆ ಒಂದೇ ಸಲ ನುಂಗಿದ್ದಾದರೆ ಚಿಕ್ಕ ಮಕ್ಕಳ ಲಿವರ್ ಇಷ್ಟನ್ನು ತಡೆದುಕೊಳ್ಳುತ್ತದೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ 200 ಮುಟ್ಟಿದರೆ ಆಸ್ಪತ್ರೆಗೆ ಎನ್ನುತ್ತಾರೆ, ಬ್ರಿಟನ್‌ನಲ್ಲಿ 75ಕ್ಕೇ. ನಾನು ಒಪ್ಪುವುದು 75ರ ಗೆರೆಯನ್ನು. ಎರಡು ಮಾತ್ರೆಗೆ 118 ಆಗುತ್ತದೆ, ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುವುದರಿಂದ ನಷ್ಟವೇನಿಲ್ಲ.

ಐರನ್‌ಗೆ ಹೇಳಿದ ‘ಆರು ಗಂಟೆ ಚೆನ್ನಾಗಿದ್ದರೆ ಸಾಕು’ ಎಂಬುದನ್ನು ಮಾತ್ರ ಇಲ್ಲಿಗೆ ತರಬಾರದು. ಪ್ಯಾರಸಿಟಮಾಲ್ ಮೊದಲ ದಿನ ಏನೂ ತೋರಿಸದೇ ಇರಬಹುದು. ಮಗು ಆಡುತ್ತದೆ, ಉಣ್ಣುತ್ತದೆ. ಲಿವರ್ ಕೆಡುವುದು ಎರಡನೇ, ಮೂರನೇ ದಿನ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ನಂಬಬೇಕಾದ್ದು ಅಂಕಿಯನ್ನು, ಮತ್ತು ನುಂಗಿ ನಾಲ್ಕು ಗಂಟೆಯ ಮೇಲೆ ತೆಗೆದ ರಕ್ತದ ಪರೀಕ್ಷೆಯನ್ನು. ಅದರ ಮದ್ದು ಅಸಿಟೈಲ್‌ಸಿಸ್ಟೀನ್ ಎಂಟು ಗಂಟೆಯೊಳಗೆ ಶುರುವಾದರೆ ಲಿವರ್ ಉಳಿಯುತ್ತದೆ ಎಂದೇ ಹೇಳಬಹುದು. ಜ್ವರಕ್ಕೆಂದು ಎರಡು ಮೂರು ದಿನ ಜಾಸ್ತಿ ಡೋಸ್ ಕೊಟ್ಟಿದ್ದರೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ, ವೈದ್ಯರಿಗೇ ತೋರಿಸಬೇಕು. ಸ್ಟ್ರಿಪ್ ಮೇಲೆ ಪ್ಯಾರಸಿಟಮಾಲ್ ಜೊತೆ ಇನ್ನೊಂದು ಹೆಸರಿದ್ದರೂ ಅಷ್ಟೇ. ಟ್ರಮಡಾಲ್ ಸೇರಿದ ನೋವಿನ ಮಾತ್ರೆ ಒಂದೇ ಒಂದಾದರೂ ಪುಟ್ಟ ಮಗುವಿನ ಉಸಿರಾಟಕ್ಕೆ ತೊಂದರೆ ಮಾಡಬಲ್ಲದು.

ಎರಡರಲ್ಲೂ ಮನೆಯಲ್ಲಿ ವಾಂತಿ ಮಾಡಿಸುವುದು ಬೇಡ. ಗಂಟಲಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಉಪ್ಪುನೀರಿನಿಂದ ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಮೇಲಾಗಿ ವಾಂತಿಯೇ ಐರನ್ ವಿಷದ ಮೊದಲ ಗುರುತು. ನಾವೇ ಮಾಡಿಸಿದರೆ ವಿಷದಿಂದ ಬಂದದ್ದೋ ಉಪ್ಪಿನಿಂದ ಬಂದದ್ದೋ ವೈದ್ಯರಿಗೆ ತಿಳಿಯುವುದಿಲ್ಲ.

ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ಉಚಿತ ಸಂಖ್ಯೆ 1800 116 117. ಅಮೆರಿಕದಲ್ಲಿರುವ ಕನ್ನಡಿಗರಿಗೆ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26. ಫೋನಿನಲ್ಲಿ ಹೇಳಬೇಕಾದ್ದು ಇಷ್ಟು: “ಮಗುವಿಗೆ ಎರಡು ವರ್ಷ, 11 ಕೆ.ಜಿ. 60 ಮಿಲಿಗ್ರಾಂ ಎಲಿಮೆಂಟಲ್ ಐರನ್ ಇರುವ ಮಾತ್ರೆ, ಹೆಚ್ಚೆಂದರೆ ಐದು. ಬೆಳಿಗ್ಗೆ ಹತ್ತೂವರೆ ಸುಮಾರಿಗೆ ನುಂಗಿರಬೇಕು. ಇನ್ನೂ ವಾಂತಿ ಆಗಿಲ್ಲ.” ಹೊರಡುವಾಗ ಖಾಲಿಯಾದ ಸ್ಟ್ರಿಪ್ ಮತ್ತು ತಾಯಿ ಕಾರ್ಡ್ ಎರಡನ್ನೂ ಜೊತೆಗೆ ಇಟ್ಟುಕೊಳ್ಳಿ.