ಯಂತ್ರದ ಆಯುಷ್ಯದ ಅಂದಾಜು ಬದಲಾದಾಗ: ಉಳಿದ ವರ್ಷಗಳ ಸವಕಳಿ ಲೆಕ್ಕ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡುವ ಒಂದು ಗಿರಣಿ ಇದೆ ಎಂದಿಟ್ಟುಕೊಳ್ಳೋಣ. ಗಿರಣಿ ಕಾಲ್ಪನಿಕ, ಆದರೆ ಅಲ್ಲಿನ ಸಮಸ್ಯೆ ನಿಜವಾಗಿ ಬರುವಂಥದ್ದು. 2021ರ ಏಪ್ರಿಲ್ 1ರಂದು ಪುಡಿ ಮಾಡುವ ಯಂತ್ರವೊಂದನ್ನು ರೂ. 12,60,000ಕ್ಕೆ ಕೊಂಡರು. ಸಾಗಣೆ ಮತ್ತು ಜೋಡಣೆಯ ಖರ್ಚೂ ಇದರಲ್ಲಿ ಸೇರಿದೆ. ಯಂತ್ರ ಹತ್ತು ವರ್ಷ ಬರುತ್ತದೆ, ಕೊನೆಗೆ ಗುಜರಿಗೆ ಹಾಕಿದರೆ ರೂ. 60,000 ಸಿಗುತ್ತದೆ ಎಂಬುದು ಆಗಿನ ಅಂದಾಜು. ಸ್ಥಿರ ಕಂತು ಪದ್ಧತಿಯಲ್ಲಿ ವರ್ಷದ ಸವಕಳಿ ರೂ. 1,20,000.

ನಾಲ್ಕು ವರ್ಷ ಹೀಗೇ ನಡೆಯಿತು. 2025ರ ಮಾರ್ಚ್ 31ಕ್ಕೆ ಸಂಚಿತ ಸವಕಳಿ ರೂ. 4,80,000, ಪುಸ್ತಕ ಮೌಲ್ಯ ರೂ. 7,80,000.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಪುಡಿ ಮಾಡುವಾಗ ಯಂತ್ರ ಕಾದರೆ ಬಣ್ಣ ಮಂಕಾಗುತ್ತದೆ. ಹಾಗಾಗಿ ತಂಪಾಗಿ ಅರೆಯುವ ಯಂತ್ರದ ಪುಡಿಯೇ ಬೇಕೆಂದು ಖರೀದಿದಾರರು ಈಗ ಕೇಳತೊಡಗಿದ್ದಾರೆ. 2025ರ ಏಪ್ರಿಲ್‌ನಲ್ಲಿ ಗಿರಣಿಯವರು ಕೂತು ಲೆಕ್ಕ ಹಾಕಿ, ಹಳೆಯ ಯಂತ್ರವನ್ನು ಇನ್ನು ನಾಲ್ಕು ವರ್ಷ ಮಾತ್ರ ಬಳಸುವುದು, 2029ರ ಮಾರ್ಚ್ ಕೊನೆಗೆ ತೆಗೆದುಹಾಕುವುದು ಎಂದು ತೀರ್ಮಾನಿಸುತ್ತಾರೆ. ಯಂತ್ರವೇನೂ ಕೆಟ್ಟಿಲ್ಲ, ತಿರುಗಿಸಿದರೆ ಇನ್ನೂ ಆರು ವರ್ಷ ತಿರುಗೀತು. ಆದರೆ ಸವಕಳಿಗೆ ಬೇಕಾದ ಆಯುಷ್ಯ ಕಬ್ಬಿಣದ ಆಯುಷ್ಯವಲ್ಲ, ಆ ಸಂಸ್ಥೆ ಅದನ್ನು ಬಳಸುವ ಅವಧಿ. ಬೇಡಿಕೆ ಬದಲಾದರೂ ಆಯುಷ್ಯ ಕಡಿಮೆಯಾಗುತ್ತದೆ.

ಈಗ ಲೆಕ್ಕ. ಹಿಂದಿನ ನಾಲ್ಕು ವರ್ಷದ ಸವಕಳಿಯನ್ನು ಮುಟ್ಟುವ ಹಾಗಿಲ್ಲ. ಇವತ್ತಿನ ಪುಸ್ತಕ ಮೌಲ್ಯದಿಂದಲೇ ಶುರು ಮಾಡಬೇಕು.

```
ಪುಸ್ತಕ ಮೌಲ್ಯ (1-4-2025)      7,80,000
ಕಳೆ: ಉಳಿಕೆ ಮೌಲ್ಯ               60,000
ಇನ್ನೂ ಹಂಚಬೇಕಾದದ್ದು           7,20,000
÷ ಉಳಿದ ವರ್ಷ                        4
ಹೊಸ ವಾರ್ಷಿಕ ಸವಕಳಿ            1,80,000
```

2025-26ರಿಂದ 2028-29ರವರೆಗೆ ಪ್ರತಿ ವರ್ಷ ರೂ. 1,80,000. ಜರ್ನಲ್ ನಮೂದಿನ ರೂಪ ಮೊದಲಿನದೇ, ಮೊತ್ತ ಮಾತ್ರ ಬೇರೆ. ಹಳೆಯ ವರ್ಷಗಳಿಗೆಂದು ಯಾವ ಹೊಂದಾಣಿಕೆ ನಮೂದೂ ಇಲ್ಲ.

ಹಿಂದಿನದನ್ನು ಏಕೆ ಮುಟ್ಟಬಾರದು? 2021ರಲ್ಲಿ ಹತ್ತು ವರ್ಷ ಎಂದದ್ದು ಆಗ ಕೈಯಲ್ಲಿದ್ದ ಮಾಹಿತಿಗೆ ಸರಿಯಾಗಿಯೇ ಇತ್ತು. ಖರೀದಿದಾರರ ಬೇಡಿಕೆ ಬದಲಾದದ್ದು ಆಮೇಲೆ. ಆಗ ಸರಿಯಾಗಿದ್ದ ಅಂದಾಜನ್ನು ಇಂದಿನ ಸುದ್ದಿಯ ಮೇಲೆ ತಪ್ಪೆಂದು ತಿದ್ದಲು ಬರುವುದಿಲ್ಲ. ಹೊಸ ಸುದ್ದಿಯ ಪರಿಣಾಮ ಹೊಸ ವರ್ಷಗಳ ಲಾಭ-ನಷ್ಟ ಖಾತೆಗೆ ಸೇರಬೇಕು. ಲೆಕ್ಕಪತ್ರ ಮಾನದಂಡ 10 ಪ್ರತಿ ಹಣಕಾಸು ವರ್ಷದ ಕೊನೆಗಾದರೂ ಆಯುಷ್ಯವನ್ನೂ ಉಳಿಕೆ ಮೌಲ್ಯವನ್ನೂ ಮರುಪರಿಶೀಲಿಸಬೇಕು ಎನ್ನುತ್ತದೆ. ಅಂದರೆ ಅಂದಾಜು ಬದಲಾಗುವುದನ್ನು ಮಾನದಂಡವೇ ನಿರೀಕ್ಷಿಸುತ್ತದೆ. ಪ್ರತಿ ಬದಲಾವಣೆಗೂ ಹಳೆಯ ಲೆಕ್ಕ ತೆರೆಯುತ್ತಾ ಹೋದರೆ ಯಾವ ವರ್ಷದ ಲಾಭವೂ ಎಂದಿಗೂ ಅಂತಿಮವಾಗುವುದಿಲ್ಲ.

ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುವ ಜಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೊಸ ಒಟ್ಟು ಆಯುಷ್ಯ ಎಂಟು ವರ್ಷವಾಯಿತಲ್ಲ ಎಂದು 12,00,000 ಅನ್ನು 8ರಿಂದ ಭಾಗಿಸಿ, ರೂ. 1,50,000 ಎಂದು ಬರೆದುಬಿಡುತ್ತಾರೆ. ನೋಡಲು ತೀರಾ ಸಹಜವಾಗಿದೆ. ಮುಂದಿನ ನಾಲ್ಕು ವರ್ಷ ಹಾಗೆಯೇ ಹಾಕಿ ನೋಡಿ: 7,80,000ದಿಂದ 6,00,000 ಹೋದರೆ ಕೊನೆಗೆ ರೂ. 1,80,000 ಉಳಿಯುತ್ತದೆ. ಉಳಿಯಬೇಕಾಗಿದ್ದದ್ದು 60,000. ಮಿಕ್ಕ 1,20,000 ಯಾವ ವರ್ಷಕ್ಕೂ ಸೇರದೆ ನಿಂತುಹೋಯಿತು. ಹಿಂದಿನ ನಾಲ್ಕು ವರ್ಷ ತಲಾ 30,000 ಕಡಿಮೆ ಹಾಕಿದ್ದರ ಮೊತ್ತವೇ ಅದು. ಇನ್ನು ಕೆಲವರು ಅದನ್ನು ಗಮನಿಸಿ, ಆ 1,20,000 ಅನ್ನು ಮೊದಲ ವರ್ಷಕ್ಕೇ ಒಟ್ಟಿಗೆ ಖರ್ಚು ಹಾಕುತ್ತಾರೆ. ಲೆಕ್ಕ ಕೂಡುತ್ತದೆ, ಆದರೆ ಅದು ಹಿಂದಿನ ವರ್ಷಗಳನ್ನು ಹಿಂಬಾಗಿಲಿನಿಂದ ತಿದ್ದಿದಂತೆಯೇ. ಸರಿಯಾದ ದಾರಿಯಲ್ಲಿ ಅದೇ 1,20,000 ನಾಲ್ಕು ವರ್ಷಕ್ಕೆ ತಲಾ 30,000ದಂತೆ ಹಂಚಿಹೋಗಿದೆ: 1,50,000 ಮತ್ತು 30,000 ಸೇರಿ 1,80,000. ಆದ್ದರಿಂದ ಉತ್ತರ ಬರೆದ ಮೇಲೆ ಕೊನೆಯ ವರ್ಷದ ಪುಸ್ತಕ ಮೌಲ್ಯ ಉಳಿಕೆ ಮೌಲ್ಯಕ್ಕೆ ಸಮ ಬರುತ್ತದೆಯೇ ಎಂದು ಒಮ್ಮೆ ತಾಳೆ ನೋಡಿ.

ಪ್ರಶ್ನೆಯ ಮಾತನ್ನೂ ಗಮನವಿಟ್ಟು ಓದಬೇಕು. ‘ಒಟ್ಟು ಆಯುಷ್ಯ 8 ವರ್ಷವೆಂದು ಪರಿಷ್ಕರಿಸಲಾಯಿತು’ ಎಂದರೆ ಕಳೆದ 4 ತೆಗೆದು ಉಳಿದದ್ದು 4. ‘ಇನ್ನು 8 ವರ್ಷ ಬರುತ್ತದೆ’ ಎಂದರೆ ಭಾಜಕ 8, ಸವಕಳಿ ರೂ. 90,000ಕ್ಕೆ ಇಳಿಯುತ್ತದೆ.

ಗೊಂದಲಕ್ಕೆ ಇನ್ನೊಂದು ಮೂಲ ಹಳೆಯ ಪಠ್ಯಪುಸ್ತಕಗಳು. ಸ್ಥಿರ ಕಂತಿನಿಂದ ಇಳಿಕೆ ಶೇಷ ಪದ್ಧತಿಗೆ ಬದಲಾದಾಗ, ಕೊಂಡ ದಿನದಿಂದ ಹೊಸದಾಗಿ ಲೆಕ್ಕ ಹಾಕಿ ವ್ಯತ್ಯಾಸವನ್ನು ಲಾಭ-ನಷ್ಟ ಖಾತೆಗೆ ಒಯ್ಯುವ ಲೆಕ್ಕಗಳು ಅವುಗಳಲ್ಲಿವೆ. ಅದು ಮಾನದಂಡ 6 ಜಾರಿಯಲ್ಲಿದ್ದ ಕಾಲದ ಕ್ರಮ, ಅದೂ ಪದ್ಧತಿಯ ಬದಲಾವಣೆಗೆ ಮಾತ್ರ. ಆಯುಷ್ಯದ ಬದಲಾವಣೆಗೆ ಆಗಲೂ ಉಳಿದ ವರ್ಷಗಳಿಗೆ ಹಂಚುವ ಕ್ರಮವೇ ಇತ್ತು. 2016ರಲ್ಲಿ ಪರಿಷ್ಕೃತ ಮಾನದಂಡ 10 ಬಂದ ಮೇಲೆ ಪದ್ಧತಿಯ ಬದಲಾವಣೆಯನ್ನೂ ಅಂದಾಜಿನ ಬದಲಾವಣೆ ಎಂದೇ ಪರಿಗಣಿಸಲಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಹಳೆ ಪುಸ್ತಕದ ಅಂಗಡಿಯಲ್ಲಿ ಲೆಕ್ಕಶಾಸ್ತ್ರದ ಪುಸ್ತಕ ಕೊಳ್ಳುವವರು ಅದು ಮುದ್ರಣವಾದ ವರ್ಷ ನೋಡಿಯೇ ಕೊಳ್ಳಿ.

ಹಿಂದಿನದನ್ನು ಮುಟ್ಟಬೇಕಾದ ಸಂದರ್ಭವೂ ಒಂದಿದೆ. ಯಂತ್ರ ಎಂಟೇ ವರ್ಷ ಬರುತ್ತದೆ ಎಂದು 2021ರ ತಾಂತ್ರಿಕ ವರದಿಯಲ್ಲೇ ಸ್ಪಷ್ಟವಾಗಿ ಬರೆದಿತ್ತು, ಗುಮಾಸ್ತರು ಅದನ್ನು ನೋಡದೆ ಹತ್ತು ಎಂದು ನಮೂದಿಸಿದ್ದರು ಎನ್ನಿ. ಇದು ಅಂದಾಜಿನ ಬದಲಾವಣೆಯಲ್ಲ, ಹಿಂದಿನ ಅವಧಿಯ ದೋಷ. ಮಾನದಂಡ 5ರ ಪ್ರಕಾರ ಇಂಥ ದೋಷದ ಮೊತ್ತವನ್ನು ಈ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಎರಡನ್ನೂ ಬೇರ್ಪಡಿಸುವ ಪ್ರಶ್ನೆ ಒಂದೇ: ಈ ಮಾಹಿತಿ ಅಂದೇ ಸಿಗುವಂತಿತ್ತೇ, ಅಥವಾ ಆಮೇಲೆ ಹುಟ್ಟಿತೇ? ನಮ್ಮ ಗಿರಣಿಯಲ್ಲಿ ಆಮೇಲೆ ಹುಟ್ಟಿದ್ದು.

ಆಯುಷ್ಯದ ಜೊತೆಗೆ ಉಳಿಕೆ ಮೌಲ್ಯವನ್ನೂ ಕೇಳಿಕೊಳ್ಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ರೂ. 60,000 ಎಂಬುದು ಹತ್ತು ವರ್ಷ ದುಡಿದ ಯಂತ್ರದ ಗುಜರಿ ಬೆಲೆ. ಎಂಟನೆಯ ವರ್ಷಕ್ಕೇ ಮಾರಿದರೆ, ಬಣ್ಣದ ಚಿಂತೆ ಇಲ್ಲದ ಸಣ್ಣ ಗಿರಣಿಯವರು ಯಂತ್ರವಾಗಿಯೇ ಕೊಂಡಾರು, ಹೆಚ್ಚು ಬೆಲೆ ಬಂದೀತು. ಅದು ರೂ. 1,40,000 ಎಂದು ಅಂದಾಜಾದರೆ ಹಂಚಬೇಕಾದದ್ದು 6,40,000, ವರ್ಷದ ಸವಕಳಿ 1,60,000. ಆಯುಷ್ಯ, ಉಳಿಕೆ ಮೌಲ್ಯ ಎರಡೂ ಬದಲಾದರೂ ಕ್ರಮ ಅದೇ. ಪ್ರಶ್ನೆಯಲ್ಲಿ ಹೊಸ ಉಳಿಕೆ ಮೌಲ್ಯ ಕೊಟ್ಟಿಲ್ಲವಾದರೆ ಮಾತ್ರ ಹಳೆಯದನ್ನು ಇಟ್ಟುಕೊಳ್ಳಿ.

ಇಷ್ಟು ಮಾಡಿದ ಮೇಲೆ ಟಿಪ್ಪಣಿಯೊಂದು ಬಾಕಿ ಇರುತ್ತದೆ. ಪರಿಣಾಮ ಗಣನೀಯವಾಗಿದ್ದರೆ ಬದಲಾವಣೆಯ ಸ್ವರೂಪವನ್ನೂ ಮೊತ್ತವನ್ನೂ ತಿಳಿಸಬೇಕು. ಇಲ್ಲಿ ಮೊತ್ತ ಎಂದರೆ ಹೊಸ ಸವಕಳಿ 1,80,000 ಅಲ್ಲ, ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ. ಉಳಿಕೆ ಮೌಲ್ಯ 60,000ವೇ ಇದೆ ಎಂದುಕೊಂಡು ಹೀಗೆ ಬರೆದರೆ ಸಾಕು: ‘ಪುಡಿ ಮಾಡುವ ಯಂತ್ರದ ಒಟ್ಟು ಆಯುಷ್ಯವನ್ನು 1-4-2025ರಿಂದ 10 ವರ್ಷದ ಬದಲು 8 ವರ್ಷವೆಂದು ಪರಿಷ್ಕರಿಸಲಾಗಿದೆ. ಇದರಿಂದ 2025-26ರ ಸವಕಳಿ ರೂ. 60,000 ಹೆಚ್ಚಾಗಿದ್ದು, ತೆರಿಗೆಗೆ ಮುಂಚಿನ ಲಾಭ ಅಷ್ಟೇ ಕಡಿಮೆಯಾಗಿದೆ.’