ಗಜ್ಜರಿ, ಗುಳಿಗೆ ಮತ್ತು ಬೀಡಿ ಲೆಕ್ಕ

ಕಲಬುರಗಿಯ ನಮ್ಮ ಓದುವ ಗುಂಪಿನಲ್ಲಿ ಮೊನ್ನೆ ಎಲ್ಲರೂ ಎಡವಿದ್ದು ಒಂದೇ ಜಾಗದಲ್ಲಿ. ಸಂಶೋಧನಾ ಪೇಪರಿನ ಫಲಿತಾಂಶದಲ್ಲಿ ‘ಸಂಬಂಧ ಕಂಡಿದೆ’ ಅಂತಿರುತ್ತದೆ. ಕೊನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಅದು ‘ಕಮ್ಮಿ ಮಾಡುತ್ತದೆ’ ಆಗಿರುತ್ತದೆ. ನಡುವೆ ಹೊಸ ಪುರಾವೆ ಏನೂ ಬಂದಿರುವುದಿಲ್ಲ.

ಗಜ್ಜರಿ, ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್ ಅನ್ನುವ ಪೋಷಕಾಂಶದ ವಿಷಯ ತಗೊಳ್ಳಿ. ಗಜ್ಜರಿ, ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ 1980ರ ದಶಕದಲ್ಲಿ ಪೇಪರ್ ಮೇಲೆ ಪೇಪರ್ ಬಂದವು. ಹಾಗಾದರೆ ಬೀಟಾ ಕ್ಯಾರೋಟಿನ್ ಗುಳಿಗೆ ಕೊಟ್ಟರಾಯ್ತು, ಅಲ್ವಾ?

ನಿಲ್ಲಿ. ಸುಮ್ನೆ ಲೆಕ್ಕಕ್ಕೆ ಒಂದು ಊರು ಅಂದುಕೊಳ್ಳಿ. ಎಲ್ಲರೂ ಬೀಡಿ ಸೇದುವವರೇ. ದಿನಕ್ಕೆ 20 ಸೇದುವ ನೂರು ಜನರಲ್ಲಿ 5 ಜನಕ್ಕೆ ಕ್ಯಾನ್ಸರ್, 5 ಸೇದುವ ನೂರು ಜನರಲ್ಲಿ ಒಬ್ಬರಿಗೆ. ಗಜ್ಜರಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಗಜ್ಜರಿ ತಿನ್ನುವ ಸಾವಿರ ಜನರಲ್ಲಿ 200 ಮಂದಿ ಮಾತ್ರ ಜಾಸ್ತಿ ಸೇದುತ್ತಾರೆ. ತಿನ್ನದ ಸಾವಿರದಲ್ಲಿ 800 ಮಂದಿ. ತಿನ್ನುವವರಲ್ಲಿ ಕ್ಯಾನ್ಸರ್ 10 + 8 = 18. ತಿನ್ನದವರಲ್ಲಿ 40 + 2 = 42. ಏನೂ ಮಾಡದ ಗಜ್ಜರಿಗೆ ಅರ್ಧಕ್ಕಿಂತ ಜಾಸ್ತಿ ಕ್ಯಾನ್ಸರ್ ತಡೆದ ಹೆಸರು ಬಂತು!

‘ಧೂಮಪಾನವನ್ನು ಲೆಕ್ಕಕ್ಕೆ ತಗೊಂಡಿದ್ದೇವೆ’ ಅಂತ ಪೇಪರ್ ಹೇಳಿದರೂ ನಂಬಿಬಿಡಬೇಡಿ. ಹೇಗೆ ತಗೊಂಡರು ನೋಡಿ. ಸೇದುತ್ತೀರಾ, ಹೌದು ಅಥವಾ ಇಲ್ಲ ಅಂತಷ್ಟೇ ಕೇಳಿದ್ದರೆ ನಮ್ಮ ಊರಲ್ಲಿ ಎಲ್ಲರ ಉತ್ತರವೂ ‘ಹೌದು’. ಸುಳ್ಳು ಸಂಬಂಧ ಹಾಗೇ ಉಳಿಯುತ್ತದೆ.

ಫಿನ್ಲೆಂಡಿನವರು ಇದನ್ನು ಪ್ರಯೋಗ ಮಾಡಿಯೇ ನೋಡಿದರು. 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರು. ಯಾರಿಗೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಯಾರಿಗೆ ಹುಸಿ ಗುಳಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಇಲ್ಲೇ ಇರುವುದು ಗುಟ್ಟು: ಜಾಸ್ತಿ ಸೇದುವವರು, ಸೊಪ್ಪು ತಿನ್ನದವರು, ನಾವು ಕೇಳಲು ಮರೆತ ಇನ್ನೇನೋ ಇರುವವರು, ಎಲ್ಲರೂ ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗುತ್ತಾರೆ. 1994ರಲ್ಲಿ ಫಲಿತಾಂಶ ಬಂತು. ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ!

ನನಗೆ ಇದಕ್ಕಿಂತ ಮಜಾ ಅನ್ನಿಸಿದ್ದು ಬೇರೆ. ಅದೇ ಪ್ರಯೋಗದಲ್ಲಿ, ಹುಸಿ ಗುಳಿಗೆ ಪಡೆದವರ ಪೈಕಿ, ಮೊದಲಿಂದಲೂ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಜಾಸ್ತಿ ಇದ್ದವರಿಗೆ ಕ್ಯಾನ್ಸರ್ ಕಮ್ಮಿಯೇ ಇತ್ತು. ಹಳೇ ಪೇಪರುಗಳು ಕಂಡ ಸಂಬಂಧ ನಿಜವೇ. ಅದಕ್ಕೆ ಕೊಟ್ಟ ಕಾರಣ ಮಾತ್ರ ನಿಲ್ಲಲಿಲ್ಲ. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗದಲ್ಲೂ ಹಾನಿಯೇ ಕಂಡು, 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು.

ಹಾಗಂತ ಗಜ್ಜರಿ ಕೆಟ್ಟದ್ದು ಅಂತ ಬರೆದುಕೊಳ್ಳಬೇಡಿ. ಪರೀಕ್ಷೆ ಆಗಿದ್ದು ಗುಳಿಗೆ, ಅದೂ ಮುಖ್ಯವಾಗಿ ಸೇದುವವರ ಮೇಲೆ. ನಮ್ಮ ಪುಂಡಿ ಪಲ್ಯದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬೀಡಿಯನ್ನೇ ಚೀಟಿ ಎತ್ತಿ ಹಂಚಲು ಆಗುತ್ತದಾ? ಆಗಲ್ಲ. ಆದರೂ ಅದು ಕ್ಯಾನ್ಸರಿಗೆ ಕಾರಣ ಅಂತ ಒಪ್ಪುತ್ತೇವೆ. ಜಾಸ್ತಿ ಸೇದಿದಷ್ಟೂ ಅಪಾಯ ಏರುತ್ತದೆ, ಬಿಟ್ಟವರಲ್ಲಿ ವರ್ಷ ಕಳೆದಂತೆ ಇಳಿಯುತ್ತದೆ, ಹೊಗೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳು ಸಿಕ್ಕಿವೆ. ಇವಿಷ್ಟನ್ನೂ ಒಟ್ಟಿಗೆ ವಿವರಿಸುವ ಬೇರೆ ಕಾರಣವನ್ನು ಯಾರೂ ತೋರಿಸಿಲ್ಲ.