ಎಂಟು-ಆರು-ಆರರ ಸಂಪಿನಲ್ಲಿ ನೀರೆಷ್ಟು?

ಅಣ್ಣ ಮನೆ ಕಟ್ಟಿಸುತ್ತಿದ್ದಾಗ ಸಂಪಿನ ಅಳತೆಯನ್ನು ಮೇಸ್ತ್ರಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು: "ಎಂಟು, ಆರು, ಆರು." ಅಂದರೆ ಗುಂಡಿ 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ. ಎಂಟನೇ ಕ್ಲಾಸಿನಲ್ಲಿದ್ದ ಅಣ್ಣನ ಮಗಳು ಪಕ್ಕದಲ್ಲೇ ಇದ್ದಳು. ಕ್ಷೇತ್ರಗಣಿತದ ಪಾಠ ಆಗಷ್ಟೇ ಮುಗಿದಿತ್ತು. ಮೂರನ್ನೂ ಗುಣಿಸಿದಳು, 288 ಘನ ಅಡಿ ಬಂತು.

ಅದನ್ನು ಲೀಟರಿಗೆ ತರುವುದು ಹೇಗೆ? ಒಂದು ಅಡಿ ಎಂದರೆ 30.48 ಸೆಂಟಿಮೀಟರ್. ಆ ಅಳತೆಯ ಚೌಕಾಕಾರದ ಡಬ್ಬಿಯೊಂದಿದ್ದರೆ ಅದರಲ್ಲಿ 30.48 × 30.48 × 30.48, ಸುಮಾರು 28,300 ಘನ ಸೆಂಟಿಮೀಟರ್ ಜಾಗ ಇರುತ್ತದೆ. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಹಾಗಾಗಿ ಒಂದು ಘನ ಅಡಿಗೆ 28.3 ಲೀಟರ್. ದೊಡ್ಡ ಬಕೆಟ್ಟಿಗಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ.

"ಚಿಕ್ಕಪ್ಪ, 8,150 ಲೀಟರ್!" ಎಂದಳು. ಗುಣಾಕಾರ ಸರಿಯಾಗಿತ್ತು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಬರುತ್ತಿತ್ತು. ಆದರೆ ಅವಳು ಅಳೆದದ್ದು ಗುಂಡಿಯನ್ನು, ನೀರನ್ನಲ್ಲ.

ಸಂಪು ಮುಗಿದ ಮೇಲೆ ಮತ್ತೆ ಕೇಳಿದೆ. ಗೋಡೆ, ಗಾರೆ ಎಲ್ಲ ಸೇರಿ ದಪ್ಪ 6 ಇಂಚು, ಅಂದರೆ ಅರ್ಧ ಅಡಿ. ಅವಳು ಎಲ್ಲದರಿಂದಲೂ ಅರ್ಧರ್ಧ ಅಡಿ ಕಳೆದಳು: ಏಳೂವರೆ, ಐದೂವರೆ, ಐದೂವರೆ. ಈ ತಪ್ಪನ್ನು ಮಾಡದ ಮಕ್ಕಳೇ ಕಡಿಮೆ. ಉದ್ದದ ಒಂದು ತುದಿಯಲ್ಲಷ್ಟೇ ಗೋಡೆ ಇದ್ದರೆ ಇನ್ನೊಂದು ತುದಿಯಲ್ಲಿ ನೀರು ಮಣ್ಣಿಗೆ ಹೋಗುತ್ತದೆ, ಅಲ್ವಾ? ಗೋಡೆ ಎರಡೂ ಕಡೆ ಇದೆ. ಆದ್ದರಿಂದ ಉದ್ದದಲ್ಲಿ ಒಂದು ಅಡಿ ಹೋಗಿ 7 ಉಳಿಯುತ್ತದೆ, ಅಗಲದಲ್ಲಿ ಒಂದು ಅಡಿ ಹೋಗಿ 5. ಆಳದಲ್ಲೂ ಹಾಗೇ, ಕೆಳಗೆ ಅರ್ಧ ಅಡಿ ಕಾಂಕ್ರೀಟ್ ಬೆಡ್, ಮೇಲೆ ಅರ್ಧ ಅಡಿ ಸ್ಲ್ಯಾಬ್. ಉಳಿದದ್ದು 5 ಅಡಿ. ಏಳೈದೈದು 175 ಘನ ಅಡಿ, ಸುಮಾರು 4,950 ಲೀಟರ್. ಎಲ್ಲ ಕಡೆಯಿಂದ ಬರೀ ಅರ್ಧರ್ಧ ಅಡಿ ಹೋಗಿದ್ದಕ್ಕೆ ಮೂರು ಸಾವಿರ ಲೀಟರಿಗೂ ಜಾಸ್ತಿ ಮಾಯ! ಮೂರು ಅಳತೆಗಳೂ ಒಟ್ಟಿಗೆ ಕುಗ್ಗಿದಾಗ ನಷ್ಟವೂ ಒಂದರ ಮೇಲೊಂದು ಗುಣಿಸಿಕೊಳ್ಳುತ್ತದೆ.

ಇಲ್ಲಿಗೂ ಮುಗಿಯಲಿಲ್ಲ. ಸಂಪು ಸ್ಲ್ಯಾಬಿನವರೆಗೆ ತುಂಬುವುದಿಲ್ಲ. ಓವರ್‌ಫ್ಲೋ ಪೈಪು ಸ್ಲ್ಯಾಬಿಗಿಂತ ಅರ್ಧ ಅಡಿ ಕೆಳಗಿದೆ. ಕೆಳಗೆ ನೋಡಿದರೆ ಮೋಟಾರಿನ ಫುಟ್ ವಾಲ್ವ್ ನೆಲದಿಂದ ಅರ್ಧ ಅಡಿ ಮೇಲಿದೆ, ಅದಕ್ಕಿಂತ ಕೆಳಗಿನ ನೀರು ಮೋಟಾರಿಗೆ ಸಿಗುವುದಿಲ್ಲ. ಹಾಗಿದ್ದರೆ ಕೈಗೆ ಬರುವ ನೀರಿನ ಆಳ 4 ಅಡಿ. 7 × 5 × 4 = 140 ಘನ ಅಡಿ, ಅಂದರೆ ಸುಮಾರು 3,960 ಲೀಟರ್. ಗುಂಡಿಯ ಲೆಕ್ಕದ ಅರ್ಧವೂ ಇಲ್ಲ.

ನಡುವೆ ಒಂದು ಕಡೆ ಅವಳು "ನಾಲ್ಕಡಿ ಆರಿಂಚು" ಎಂಬುದನ್ನು 4.6 ಎಂದು ಬರೆದಿದ್ದಳು. ಅಡಿಗೆ ಹನ್ನೆರಡು ಇಂಚು, ಹತ್ತಲ್ಲ. ಆರಿಂಚು ಎಂದರೆ 0.5 ಅಡಿ, ಅದು 4.5. ಮೀಟರು, ಸೆಂಟಿಮೀಟರಿನಲ್ಲೇ ಲೆಕ್ಕ ಕಲಿತ ಮಕ್ಕಳು ಟೇಪು ಹಿಡಿದ ದಿನ ಎಡವುವುದು ಇಲ್ಲೇ.

"ನೀನು ಹೇಳಿದ್ದೇ ಸರಿ ಅಂತ ಏನು ಗ್ಯಾರಂಟಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಸಂಪನ್ನೇ ಕೇಳೋಣ ಎಂದೆ.

ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ಮೈಮೇಲೆ 1000 ಲೀಟರ್ ಎಂದು ಬರೆದಿತ್ತು. ಅದು ಖಾಲಿಯಾಗಿದ್ದ ಒಂದು ಬೆಳಿಗ್ಗೆ ಸಂಪಿನೊಳಗೆ ಉದ್ದನೆಯ ಬಿದಿರುಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿದೆ. (ಈ ಕೆಲಸ ದೊಡ್ಡವರದು. ಮಕ್ಕಳು ಸಂಪಿನ ಬಾಯಿಯ ಹತ್ತಿರ ಬಗ್ಗಲೇಬಾರದು.) ನಲ್ಲಿ ನೀರು ಸಂಪಿಗೆ ಬರದಂತೆ ವಾಲ್ವ್ ಮುಚ್ಚಿದೆವು. ಮನೆಯವರಿಗೆ ಯಾವ ನಲ್ಲಿಯನ್ನೂ ತಿರುಗಿಸಬೇಡಿ ಎಂದು ಹೇಳಿದೆವು. ಮೋಟಾರು ಹಾಕಿ ಮೇಲಿನ ಟ್ಯಾಂಕು ತುಂಬಿಸಿದೆವು.

ಕೋಲು ನೋಡುವ ಮೊದಲೇ ಇಬ್ಬರೂ ನಮ್ಮ ನಮ್ಮ ಲೆಕ್ಕ ಬರೆದಿಟ್ಟೆವು. ಸಾವಿರ ಲೀಟರ್ ಎಂದರೆ 35.3 ಘನ ಅಡಿ. ಒಳಗಿನ ನೆಲ 7 × 5, ಅಂದರೆ 35 ಚದರ ಅಡಿ. ಹಾಗಾದರೆ ನೀರು ಸುಮಾರು ಒಂದು ಅಡಿ, 12 ಇಂಚು ಇಳಿಯಬೇಕು. ಗುಂಡಿಯ ಅಳತೆಯೇ ನಿಜವಾಗಿದ್ದರೆ ನೆಲ 48 ಚದರ ಅಡಿ, ಇಳಿಯಬೇಕಾದದ್ದು 9 ಇಂಚು ಮಾತ್ರ. ಕೋಲು ತೋರಿಸಿದ್ದು ಹನ್ನೊಂದೂವರೆ ಇಂಚು.

ಉಳಿದ ಅರ್ಧ ಇಂಚು ಎಲ್ಲಿ ಹೋಯಿತು ಎಂದು ಹುಡುಗಿ ಬಿಡಲಿಲ್ಲ. ಹನ್ನೊಂದೂವರೆ ಇಂಚಿನ ಲೆಕ್ಕಕ್ಕೆ ಸುಮಾರು 950 ಲೀಟರ್ ಮಾತ್ರ ಮೇಲೆ ಹೋಗಿದೆ. ಸರಿ, ಮೇಲಿನ ಟ್ಯಾಂಕನ್ನೂ ಅಳೆಯೋಣ ಎಂದು ತಾರಸಿ ಹತ್ತಿದೆವು. ದುಂಡನೆಯ ಟ್ಯಾಂಕಿನ ವ್ಯಾಸವನ್ನು ಹೊರಗಿನಿಂದ ಟೇಪಿನಲ್ಲಿ ಅಳೆಯಲು ಆಗುವುದಿಲ್ಲ, ಸುತ್ತಳತೆ ಸಿಗುತ್ತದೆ. ದಾರ ಸುತ್ತಿದೆವು: 3.3 ಮೀಟರ್. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 1.05 ಮೀಟರ್, ತ್ರಿಜ್ಯ ಅದರ ಅರ್ಧ. ತಳದ ವಿಸ್ತೀರ್ಣ ಸುಮಾರು 0.867 ಚದರ ಮೀಟರ್. ಇಲ್ಲಿ ತ್ರಿಜ್ಯದ ಬದಲು ವ್ಯಾಸವನ್ನೇ ವರ್ಗ ಮಾಡಿಬಿಟ್ಟರೆ ಉತ್ತರ ನಾಲ್ಕು ಪಟ್ಟಾಗುತ್ತದೆ, ಸಾವಿರ ಲೀಟರಿನ ಟ್ಯಾಂಕಿನಲ್ಲಿ ಸುಮಾರು 3,700 ಲೀಟರ್ ಕಂಡರೆ ತಪ್ಪು ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಕೆಳಗಿನ ಔಟ್‌ಲೆಟ್ಟಿನಿಂದ ನೀರು ನಿಂತ ಮಟ್ಟದವರೆಗೆ 1.08 ಮೀಟರ್ ಇತ್ತು. ಗುಣಿಸಿದರೆ 0.936 ಘನ ಮೀಟರ್, ಅಂದರೆ 936 ಲೀಟರ್.

ಸಂಪು ಹೇಳಿದ್ದು 950, ಟ್ಯಾಂಕು ಹೇಳಿದ್ದು 936. ಕೋಲಿನ ಮೇಲೆ ಅರ್ಧ ಇಂಚು ಹೆಚ್ಚುಕಮ್ಮಿ ಓದಿದರೆ 41 ಲೀಟರ್ ವ್ಯತ್ಯಾಸ ಬರುತ್ತದೆ. ಟ್ಯಾಂಕಿನ ಮೈ ನುಣುಪಾಗಿಯೂ ಇಲ್ಲ, ಉಬ್ಬುತಗ್ಗು ಇದೆ, ದಾರ ಉಬ್ಬಿನ ಮೇಲೇ ಸುತ್ತಿರುತ್ತದೆ. ಹಾಗಾಗಿ ಈ 14 ಲೀಟರಿನ ಜಗಳಕ್ಕೆ ಅರ್ಥವಿಲ್ಲ. 9 ಇಂಚಿಗೂ ಹನ್ನೊಂದೂವರೆಗೂ ಇರುವ ದೂರ ಮಾತ್ರ ಓದುವ ತಪ್ಪಿನಲ್ಲಿ ಮುಚ್ಚಿಹೋಗುವಂಥದ್ದಲ್ಲ.

ಮಳೆಗಾಲದಲ್ಲಿ ಅಣ್ಣನ ಜೊತೆ ಊರಿನ ಹೊಲಕ್ಕೆ ಹೋಗಿದ್ದೆವು. ಒಂದು ಎಕರೆ, ಅಂದರೆ 40 ಗುಂಟೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ, ಹೆಚ್ಚುಕಡಿಮೆ 101 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹಾಗಾಗಿ ಒಂದು ಗುಂಟೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು ನೂರು ಲೀಟರ್. ಈ ಒಂದು ಲೆಕ್ಕ ನೆನಪಿದ್ದರೆ ಹೊಲದಲ್ಲಿ ಕಾಗದ ಪೆನ್ಸಿಲ್ ಬೇಕಾಗುವುದಿಲ್ಲ.

ಹಿಂದಿನ ರಾತ್ರಿ ಬಿದ್ದದ್ದು 2 ಮಿಲಿಮೀಟರ್. "ಸುಮ್ನೆ ಹನಿ ಉದುರಿಸಿ ಹೋಯಿತು, ಧೂಳು ಕೂಡ ನೆನೆಯಲಿಲ್ಲ" ಎಂದು ಅಣ್ಣ ಬೈದುಕೊಳ್ಳುತ್ತಿದ್ದ. ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. ಗುಂಟೆಗೆ 200 ಲೀಟರ್, 40 ಗುಂಟೆಗೆ ಎಂಟು ಸಾವಿರ ಲೀಟರ್.

"ಅಪ್ಪ, ನಮ್ಮ ಸಂಪು ಎರಡು ಸಲ ತುಂಬುವಷ್ಟು" ಎಂದಳು. ಆಮೇಲೆ ನನ್ನ ಕಡೆ ನೋಡಿ ನಕ್ಕಳು. "ಗುಂಡಿ ಆಗಿದ್ದರೆ ಒಂದೇ ಸಲ."